ರಾಗಿ ಖರ್ಚು: ನಿಮ್ಮ ನೋಟ್‌ಬುಕ್ಕೂ ಆಯೋಗದ ಲೆಕ್ಕವೂ

ಓದುಗರ ಪತ್ರ: ಸಂಪಾದಕರೇ, ಹೋದ ಮುಂಗಾರಿನಲ್ಲಿ ಒಂದು ಎಕರೆ ಖುಷ್ಕಿಯಲ್ಲಿ ರಾಗಿ ಹಾಕಿದ್ದೆ. ಉಳುಮೆ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ ಎಲ್ಲಾ ಸೇರಿ ಕೈಯಿಂದ 13,000 ರೂಪಾಯಿ ಹೋಯಿತು. 8 ಕ್ವಿಂಟಲ್ ಬಂತು. ಊಟಕ್ಕೆ 3 ಇಟ್ಟುಕೊಂಡು 5 ಕ್ವಿಂಟಲ್ 3,800ರಂತೆ ಮಾರಿದೆ. ಸರ್ಕಾರ 2025-26ಕ್ಕೆ ರಾಗಿಯ ವೆಚ್ಚ ಕ್ವಿಂಟಲ್‌ಗೆ 3,257, ಬೆಂಬಲ ಬೆಲೆ 4,886 ಅಂದಿದೆ. ನನ್ನ ಲೆಕ್ಕಕ್ಕೆ ವೆಚ್ಚ 1,625 ಅಷ್ಟೇ. ಸರ್ಕಾರಕ್ಕಿಂತ ಅಗ್ಗವಾಗಿ ಬೆಳೆದರೂ ಕೈಯಲ್ಲಿ ದುಡ್ಡಿಲ್ಲ. ರೈತ ಸಂಘದವರು ಆ 3,257 ಕೂಡ ಕಡಿಮೆ ಅಂತಾರೆ. ಯಾರ ಲೆಕ್ಕ ಸುಳ್ಳು?

ಸಂಪಾದಕರ ಉತ್ತರ:

ಯಾರದೂ ಸುಳ್ಳಲ್ಲ. ನೀವು ಬರೆದಿಟ್ಟಿರುವುದು ಜೇಬಿನಿಂದ ಹೋದ ದುಡ್ಡು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಲೆಕ್ಕ ಹಾಕುವುದು ಬೆಳೆಗೆ ಬಿದ್ದದ್ದನ್ನೆಲ್ಲ, ಅದಕ್ಕೆ ದುಡ್ಡು ಕೊಟ್ಟಿರಲಿ, ಬಿಡಲಿ. ನಿಮ್ಮ ಒಂದೆಕರೆಯನ್ನೇ ಇಟ್ಟುಕೊಂಡು ನೋಡೋಣ. ನೀವು ಬರೆಯದೇ ಇರುವ ಕಡೆ ನಾನೇ ಒಂದು ಅಂದಾಜು ಹಾಕುತ್ತೇನೆ, ನಿಮ್ಮೂರಿನ ದರ ಬೇರೆ ಇದ್ದರೆ ತಿದ್ದಿಕೊಳ್ಳಿ.

ಮೊದಲು ಬಿತ್ತನೆ ಬೀಜ. ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲ, ಅಂದರೆ ಮನೆಯ ರಾಗಿಯನ್ನೇ ಬಿತ್ತಿದ್ದೀರಿ. ಐದು ಕೆಜಿ ಅಂದುಕೊಂಡರೂ 200 ರೂಪಾಯಿ, ದೊಡ್ಡದೇನಲ್ಲ. ದೊಡ್ಡದಿರುವುದು ತಿಪ್ಪೆಯಲ್ಲಿ. ಗೊಬ್ಬರ ಅಂತ ನೀವು ಬರೆದಿರುವುದು ಅಂಗಡಿಯಿಂದ ತಂದ ಮೂಟೆ ಇರಬೇಕು. ಮನೆಯಲ್ಲಿ ದನ ಇದ್ದರೆ ಬೇಸಿಗೆಯಲ್ಲಿ ಹೊಲಕ್ಕೆ ಕೊಟ್ಟಿಗೆ ಗೊಬ್ಬರವೂ ಬಿದ್ದಿರುತ್ತೆ ಅಲ್ವಾ? ಎರಡು ಟ್ರ್ಯಾಕ್ಟರ್ ಲೋಡ್ ಹಿಡಿಯಿರಿ. ಪಕ್ಕದವರಿಂದ ಕೊಂಡಿದ್ದರೆ 5,000 ಕೊಡಬೇಕಿತ್ತು. ನಿಮ್ಮದೇ ಆಗಿದ್ದರಿಂದ ಸೊನ್ನೆ ಅಂತ ಬಿಟ್ಟಿದ್ದೀರಿ. ಆಯೋಗದ ಲೆಕ್ಕದಲ್ಲಿ ಮನೆಯ ಬೀಜಕ್ಕೂ ಮನೆಯ ಗೊಬ್ಬರಕ್ಕೂ ಬೆಲೆ ಉಂಟು. ಅದರ ಮೇಲೆ ಸಲಕರಣೆಗಳ ಸವಕಳಿ, ಕಂದಾಯ ಅಂತ ಒಂದು 500. ಬೆಳೆಗೆ ಹಾಕಿದ ದುಡ್ಡಿಗೆ ಬಡ್ಡಿ ಅಂತ ಇನ್ನೊಂದು 300. ಎಲ್ಲಾ ಸೇರಿ 19,000. ಇದಕ್ಕೆ ಎ1 ಅಂತ ಹೆಸರು. ಹೊಲ ಗುತ್ತಿಗೆಗೆ ಹಿಡಿದಿದ್ದರೆ ಕೊಟ್ಟ ಗುತ್ತಿಗೆಯೂ ಸೇರಿ ಎ2 ಆಗುತ್ತೆ. ಹೊಲ ನಿಮ್ಮದೇ ಅಂತ ಹಿಡಿದರೆ ಎರಡೂ ಒಂದೇ.

ಇಲ್ಲಿ ಬಡ್ಡಿ ವಿಷಯ ಒಂದು ಮಾತು ಹೇಳಿಬಿಡ್ತೇನೆ. ಆ 300 ರೂಪಾಯಿ ನೀವು ಯಾರಿಗೋ ಕಟ್ಟಿದ ಬಡ್ಡಿ ಅಲ್ಲ. ಒಂದು ನಿಗದಿತ ದರ ಹಿಡಿದು, ಬೆಳೆಯ ಅವಧಿಯ ಅರ್ಧಕ್ಕೆ ಮಾತ್ರ ಹಾಕುವ ಲೆಕ್ಕದ ಬಡ್ಡಿ ಅದು. ಖರ್ಚೆಲ್ಲ ಮೊದಲ ದಿನವೇ ಆಗುವುದಿಲ್ಲವಲ್ಲ, ಅದಕ್ಕೆ ಅರ್ಧ. ಆದರೆ ಆ 13,000ವನ್ನು ನೀವು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು, ಆರು ತಿಂಗಳಾದ ಮೇಲೆ ತೀರಿಸಿದ್ದರೆ ಬಡ್ಡಿಯೇ 2,340 ಆಗಿರುತ್ತೆ. ಆ ವ್ಯತ್ಯಾಸ ಆಯೋಗದ ಯಾವ ವೆಚ್ಚದಲ್ಲೂ ಕಾಣುವುದಿಲ್ಲ. ಸಾಲದ ಅಸಲಿನ ಕಂತು ಕೂಡ ಅಷ್ಟೇ, ಅದು ಬೆಳೆಯ ಖರ್ಚೇ ಅಲ್ಲ ಅನ್ನುತ್ತೆ ಆ ಲೆಕ್ಕ. ಕೈಯಲ್ಲಿ ದುಡ್ಡು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು, ಪತ್ರದಲ್ಲಿ ಸಾಲದ ಮಾತು ನೀವು ಎತ್ತಿಲ್ಲ.

ಮುಂದೆ ಬರುವುದು ಮನೆಯವರ ದುಡಿಮೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಕೂಲಿಯವರಿಗೆ ಕೊಟ್ಟದ್ದು ಇದೆ. ನೀವು, ನಿಮ್ಮ ಮನೆಯವರು ಹೊಲದಲ್ಲಿ ಬಗ್ಗಿದ್ದು ಎಲ್ಲೂ ಇಲ್ಲ. ಗೊಬ್ಬರ ಹರಡಿದ್ದು, ಕುಂಟೆ ಹೊಡೆದದ್ದು, ಕೂಲಿಯವರ ಜೊತೆ ನಿಂತು ಕಳೆ ತೆಗೆದದ್ದು, ಮೆದೆ ಹಾಕಿದ್ದು, ತೂರಿದ್ದು, ಎಲ್ಲ ಸೇರಿ ಇಬ್ಬರದೂ ಒಟ್ಟು 20 ದಿನ ಅಂದುಕೊಂಡರೆ ಅದು ಜಾಸ್ತಿ ಏನಲ್ಲ. ದಿನಕ್ಕೆ 400ರಂತೆ 8,000. ಇದನ್ನು ಎ2ಗೆ ಸೇರಿಸಿದರೆ 27,000. ಇದೇ ಎ2+ಎಫ್ಎಲ್, ನೀವು ಬರೆದಿರುವ 3,257 ಈ ಬಗೆಯ ವೆಚ್ಚ. 2018ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ ವೆಚ್ಚದ ಒಂದೂವರೆ ಪಟ್ಟನ್ನು ಸರ್ಕಾರ ಲೆಕ್ಕ ಹಾಕುವುದು ಇದರ ಮೇಲೇ. 3,257ಕ್ಕೆ ಅದರ ಅರ್ಧ ಸೇರಿಸಿ ನೋಡಿ, 4,886 ಬರುತ್ತೆ.

ಹಾಗಾದರೆ 27,000ವನ್ನು 8ರಿಂದ ಭಾಗಿಸಿದರೆ ಆಯಿತಾ? ಇಲ್ಲ. ಹುಲ್ಲು ಮರೆತಿರಿ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ, ಆದರೆ ರಾಗಿ ಬೆಳೆಯುವ ಮನೆಯಲ್ಲಿ ಬಣವೆಗೆ ಎಷ್ಟು ಬೆಲೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಹುಲ್ಲಿಗೆ 7,600 ಹಿಡಿಯೋಣ. 8 ಕ್ವಿಂಟಲ್ ಕಾಳಿಗೆ ನಿಮ್ಮದೇ ದರದಲ್ಲಿ 30,400. ಎರಡೂ ಸೇರಿ 38,000. ಅದರಲ್ಲಿ ಕಾಳಿನ ಪಾಲು ನೂರಕ್ಕೆ 80, ಹುಲ್ಲಿನದು 20. ಖರ್ಚನ್ನೂ ಇದೇ ಪಾಲಿನಲ್ಲಿ ಹಂಚುತ್ತಾರೆ. 27,000ದಲ್ಲಿ ಕಾಳಿಗೆ ಬೀಳುವುದು 21,600, ಅಂದರೆ ಕ್ವಿಂಟಲ್‌ಗೆ 2,700. ಹುಲ್ಲನ್ನು ಬಿಟ್ಟು ಭಾಗಿಸಿದ್ದರೆ 3,375 ಆಗುತ್ತಿತ್ತು. ಎಕರೆ ಖರ್ಚನ್ನು ಸುಮ್ನೆ ಇಳುವರಿಯಿಂದ ಭಾಗಿಸಿ ಸರ್ಕಾರದ ಅಂಕಿಗೆ ಹೋಲಿಸುವವರು ಎಡವುವುದು ಇಲ್ಲೇ.

ಈ ಹುಲ್ಲಿನ ದಾರಿ ಸ್ವಲ್ಪ ಮಜವಾಗಿದೆ. ಹುಲ್ಲು ಹಸುವಿಗೆ ಹೋಗುತ್ತೆ, ಹಸುವಿನ ಸಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇದ್ಯಾವುದೂ ಇಲ್ಲ, ಯಾಕೆಂದರೆ ಎಲ್ಲೂ ದುಡ್ಡು ಕೈ ಬದಲಾಯಿಸಿಲ್ಲ. ಆಯೋಗದ ಲೆಕ್ಕದಲ್ಲಿ ಹುಲ್ಲು ಆದಾಯದ ಕಡೆ, ಗೊಬ್ಬರ ಖರ್ಚಿನ ಕಡೆ.

ಈಗ ರೈತ ಸಂಘದವರ ಮಾತು. ಅವರು ಕೇಳುವುದು ಸಿ2. ಎ2+ಎಫ್ಎಲ್ ಮೇಲೆ ಇನ್ನೆರಡು ಬಾಬ್ತು ಸೇರಿಸಿದರೆ ಸಿ2. ಒಂದು, ನೆಲ ಬಿಟ್ಟು ನಿಮ್ಮ ಉಳಿದ ಆಸ್ತಿಗೆ, ಅಂದರೆ ಸಲಕರಣೆ, ಕೊಟ್ಟಿಗೆ, ಪಂಪು ಇಂಥದ್ದಕ್ಕೆಲ್ಲ ಹಾಕಿದ ಬಂಡವಾಳದ ಬಡ್ಡಿ. ಇದಕ್ಕೆ ಒಂದು 1,000 ಇಡಿ. ಇನ್ನೊಂದು ಸ್ವಂತ ನೆಲದ ಬಾಡಿಗೆ. ಅದೇ ಎಕರೆಯನ್ನು ಪಕ್ಕದವರಿಗೆ ಗುತ್ತಿಗೆ ಕೊಟ್ಟಿದ್ದರೆ ವರ್ಷಕ್ಕೆ 6,000 ಬರುತ್ತಿತ್ತು ಅಂದುಕೊಳ್ಳಿ. ನೀವೇ ಉತ್ತದ್ದರಿಂದ ಅದು ಬರಲಿಲ್ಲ, ಹಾಗಾಗಿ ಅದೂ ಖರ್ಚೇ. ಒಟ್ಟು 34,000, ಕಾಳಿನ ಪಾಲು ತೆಗೆದರೆ ಕ್ವಿಂಟಲ್‌ಗೆ 3,400. ಇದರ ಒಂದೂವರೆ ಪಟ್ಟು 5,100. ನಿಮ್ಮ ಹೊಲದ ಎ2+ಎಫ್ಎಲ್‌ನ ಒಂದೂವರೆ ಪಟ್ಟು 4,050. ಬೆಂಬಲ ಬೆಲೆ 4,886 ಇವೆರಡರ ನಡುವೆ ನಿಂತಿದೆ. ಅದಕ್ಕೇ ಸರ್ಕಾರ ಮಾತು ಉಳಿಸಿಕೊಂಡೆ ಅನ್ನಬಹುದು, ಸಂಘದವರು ಮೋಸ ಅನ್ನಬಹುದು, ಇಬ್ಬರೂ ಒಂದೇ ಹೊಲವನ್ನು ತೋರಿಸಿ. 2006ರಲ್ಲಿ ಸ್ವಾಮಿನಾಥನ್ ಅವರ ರಾಷ್ಟ್ರೀಯ ರೈತರ ಆಯೋಗ, ಬೆಂಬಲ ಬೆಲೆ ಸರಾಸರಿ ಉತ್ಪಾದನಾ ವೆಚ್ಚಕ್ಕಿಂತ ಕಡೇಪಕ್ಷ ಅರ್ಧದಷ್ಟು ಜಾಸ್ತಿ ಇರಬೇಕು ಅಂತ ಹೇಳಿತ್ತು. ಯಾವ ವೆಚ್ಚ ಅನ್ನುವುದರ ಮೇಲೆ ಇವತ್ತಿಗೂ ಜಗಳ.

ನನ್ನ ಅಭಿಪ್ರಾಯ ಕೇಳಿದರೆ, ನೆಲದ ಬಾಡಿಗೆ ಸೇರಿಸುವುದರಲ್ಲಿ ಒಂದು ತೊಡಕಿದೆ. ಬೆಲೆ ಏರಿದರೆ ಗುತ್ತಿಗೆ ಏರುತ್ತೆ, ಗುತ್ತಿಗೆ ಏರಿದರೆ ವೆಚ್ಚ ಏರುತ್ತೆ, ಮತ್ತೆ ಬೆಲೆ. ಆದರೆ ಸೇರಿಸದಿದ್ದರೂ ತೊಡಕೇ. ಗುತ್ತಿಗೆಗೆ ಹಿಡಿದವನ 6,000 ಎ2 ಒಳಗೇ ಖರ್ಚಾಗಿ ಬರುತ್ತೆ, ಸ್ವಂತ ನೆಲದವನದು ಬರುವುದಿಲ್ಲ. ಹೊಲ ಒಂದೇ, ಬೆಳೆ ಒಂದೇ, ಉಳುವವನು ಬದಲಾದ ತಕ್ಷಣ ವೆಚ್ಚ ಬೇರೆ. ಅಷ್ಟೇ ಅಲ್ಲ, ನಮ್ಮ ಕಡೆ ಗುತ್ತಿಗೆ, ವಾರ ಎಲ್ಲ ಬಾಯಿ ಮಾತಲ್ಲೇ ನಡೆಯುವುದರಿಂದ ಸಮೀಕ್ಷೆಗೆ ಬಂದವರ ಮುಂದೆ ಎಷ್ಟು ಜನ ಅದನ್ನು ಬಾಯಿ ಬಿಡುತ್ತಾರೆ ಅನ್ನುವುದೂ ಪ್ರಶ್ನೆ. ಹಾಗಾಗಿ ಎ2+ಎಫ್ಎಲ್ ಅನ್ನು ಪೂರ್ತಿ ವೆಚ್ಚ ಅಂತ ಕರೆಯುವುದು ನನಗೆ ಒಪ್ಪಿಗೆ ಇಲ್ಲ.

ಇನ್ನು ಕೈಯಲ್ಲಿ ದುಡ್ಡು ಯಾಕಿಲ್ಲ ಅನ್ನುವುದು. ನಿಮ್ಮ ಕೈಗೆ ಬಂದದ್ದು 19,000, ಹೋದದ್ದು 13,000, ಉಳಿದದ್ದು 6,000. ಲೆಕ್ಕದವರು ಇದೇ ಹೊಲವನ್ನು ನೋಡಿ 38,000 ಹುಟ್ಟುವಳಿ ಅನ್ನುತ್ತಾರೆ. ನೀವು ಊಟಕ್ಕಿಟ್ಟ 3 ಕ್ವಿಂಟಲ್ ಅವರಿಗೆ ಆದಾಯ, ಬಣವೆಯೂ ಆದಾಯ. ಅದರಲ್ಲಿ ಎ2 ಕಳೆದರೆ 19,000 ಉಳಿತಾಯ. ಮನೆಯವರ ಕೂಲಿಯನ್ನೂ ಕಳೆದರೆ 11,000. ಸಿ2 ಕಳೆದರೆ ಬರೀ 4,000. ನಾಲ್ಕೂ ಸರಿಯಾದ ಉತ್ತರವೇ, ಪ್ರಶ್ನೆಗಳು ಬೇರೆ. ಜೇಬಿನಲ್ಲಿ ಎಷ್ಟಿದೆ ಅಂದರೆ 6,000. ರಾಗಿ ಬಿಟ್ಟು, ನೆಲ ಗುತ್ತಿಗೆಗೆ ಕೊಟ್ಟು, ಇಬ್ಬರೂ ಕೂಲಿಗೆ ಹೋಗುವುದಕ್ಕಿಂತ ಎಷ್ಟು ವಾಸಿ ಅಂದರೆ ಸುಮಾರು 4,000. ಈ ಕೊನೆಯದನ್ನು ಒಮ್ಮೆ ಕೂತು ಯೋಚಿಸಿ, ಯಾಕೆಂದರೆ ಆ 20 ದಿನವೂ ಬೇರೆ ಕಡೆ ಕೂಲಿ ಸಿಗುತ್ತಿತ್ತು ಅಂತ ಹಿಡಿದರೆ ಮಾತ್ರ ಅದು ನಿಜ. ಇದೆಲ್ಲ 3,800ರ ದರದಲ್ಲಿ. ಖರೀದಿ ಕೇಂದ್ರದಲ್ಲಿ 4,886ಕ್ಕೆ ಆ 5 ಕ್ವಿಂಟಲ್ ಕೊಟ್ಟಿದ್ದರೆ ಇನ್ನೂ 5,430 ಬರುತ್ತಿತ್ತು. ಘೋಷಣೆಯ ಬೆಲೆ ನಿಮ್ಮ ಜೇಬಿಗೆ ಬರಬೇಕಾದರೆ ಕೊಳ್ಳುವವರೂ ಇರಬೇಕಲ್ಲ.

3,257 ಅನ್ನುವುದು ನಿಮ್ಮ ತಾಲ್ಲೂಕಿನ ವೆಚ್ಚವೂ ಅಲ್ಲ. ರಾಗಿ ಬೆಳೆಯುವ ರಾಜ್ಯಗಳ ವೆಚ್ಚವನ್ನು ಉತ್ಪಾದನೆಯ ಪ್ರಮಾಣಕ್ಕೆ ತಕ್ಕಂತೆ ತೂಗಿ ತೆಗೆದ ಸರಾಸರಿ ಅದು. ಹೊಲದಿಂದ ತಂದ ಮೂಲ ಅಂಕಿ ಎರಡು ಮೂರು ವರ್ಷ ಹಳೆಯದು, ಕೂಲಿ, ಗೊಬ್ಬರ, ಡೀಸೆಲ್ ದರ ಏರಿದ್ದಕ್ಕೆ ತಕ್ಕಂತೆ ಅದನ್ನು ಈ ವರ್ಷಕ್ಕೆ ಅಂದಾಜು ಮಾಡುತ್ತಾರೆ. ಮಳೆ ಕೈಕೊಟ್ಟು ನಿಮಗೆ 4 ಕ್ವಿಂಟಲ್ ಬಂದಿದ್ದರೆ ಎಕರೆ ಖರ್ಚು ಹೆಚ್ಚುಕಡಿಮೆ ಅಷ್ಟೇ ಇದ್ದು ಕ್ವಿಂಟಲ್ ವೆಚ್ಚ ದುಪ್ಪಟ್ಟಾಗುತ್ತಿತ್ತು. ಸರಾಸರಿ ಅದನ್ನು ನುಂಗಿ ಹಾಕುತ್ತೆ.

ಆ ಮೂಲ ಅಂಕಿ ಬರುವುದು ನಿಮ್ಮಂಥವರ ಮನೆಯಿಂದಲೇ. 1970-71ರಿಂದ ನಡೆಯುತ್ತಿರುವ ಸಮೀಕ್ಷೆ ಅದು. ಆಯ್ದ ಹಳ್ಳಿಗಳ ಒಂದೊಂದು ಗುಂಪಿನಲ್ಲಿ ಸಣ್ಣವರಿಂದ ದೊಡ್ಡವರವರೆಗೆ ಐದು ಅಳತೆಯ ಹಿಡುವಳಿ, ಒಂದೊಂದರಲ್ಲಿ ಎರಡು ಮನೆ, ಒಟ್ಟು ಹತ್ತು. ಅಲ್ಲಿಯ ಲೆಕ್ಕವನ್ನು ಕ್ಷೇತ್ರ ಸಿಬ್ಬಂದಿ ಬರೆದುಕೊಳ್ಳುತ್ತಾರೆ. ಹೇಳುವವರು ಮನೆಯ ಗೊಬ್ಬರ ಲೆಕ್ಕಕ್ಕಿಲ್ಲ ಅಂದರೆ, ಹೆಂಡತಿ ಕಳೆ ತೆಗೆದ ದಿನಗಳನ್ನು 'ಅದೇನ್ ಬಿಡಿ' ಅಂದರೆ, ಎ2+ಎಫ್ಎಲ್ ಅಲ್ಲೇ ಇಳಿಯುತ್ತೆ, ಅದರ ಮೇಲಿನ ಒಂದೂವರೆ ಪಟ್ಟೂ ಇಳಿಯುತ್ತೆ. ಈ ಮುಂಗಾರಿಗೆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟ ತೆರೆಯಿರಿ. ದುಡ್ಡು ಕೊಡದೆ ಹಾಕಿದ ಬೀಜ, ಗೊಬ್ಬರದ ಲೋಡು, ಯಾರು ಎಷ್ಟು ದಿನ ದುಡಿದರು, ಎಷ್ಟು ಹೊರೆ ಹುಲ್ಲು ಬಂತು, ಎಲ್ಲವನ್ನೂ ಆಯಾ ದಿನವೇ ಬರೆಯಿರಿ. ಒಕ್ಕಣೆ ಆದ ಮೇಲೆ ಆ ಪುಟದ ಫೋಟೋ ಕಳಿಸಿಕೊಡಿ, ನನ್ನ ಅಂದಾಜುಗಳನ್ನು ತೆಗೆದು ನಿಮ್ಮ ಅಂಕಿಗಳನ್ನೇ ಹಾಕಿ ಮತ್ತೆ ಲೆಕ್ಕ ಮಾಡೋಣ.

— ಸಂ.