ಗಾಜಿನ ಬಾಟಲಿಗೆ ಬಬಲ್ ರ್ಯಾಪ್ ಇಲ್ಲದ ಪ್ಯಾಕಿಂಗ್

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಗಾಜಿನ ಬಾಟಲಿಗಳಲ್ಲಿ ಕೊರಿಯರ್ ಮಾಡುತ್ತೇನೆ. ಬಬಲ್ ರ್ಯಾಪ್, ಥರ್ಮೊಕೋಲ್ ಬಿಡಬೇಕು ಅಂತಿದೆ. ಖರ್ಚು ಏರಬಾರದು, ಬಾಟಲಿಯೂ ಒಡೆಯಬಾರದು. ಏನು ಮಾಡಲಿ?

ಸುತ್ತುವ ವಸ್ತುವಿಗಿಂತ ಮೊದಲು ಪೆಟ್ಟಿಗೆಯ ಅಳತೆಯನ್ನು ಬದಲಿಸಿ. ಕಾಗದಕ್ಕೆ ತಗಲುವ ಹೆಚ್ಚುವರಿ ಹಣ ಅಲ್ಲಿಯ ಉಳಿತಾಯದಿಂದಲೇ ಹುಟ್ಟುತ್ತದೆ. ಸಾಗರದಿಂದ ಇದೇ ಬಗೆಯ ಬಾಟಲಿಗಳನ್ನು ಕಳಿಸುವ ನನ್ನ ಲೆಕ್ಕವನ್ನೇ ಉದಾಹರಣೆಯಾಗಿ ಕೊಡುತ್ತೇನೆ.

ಬಹಳಷ್ಟು ಕೊರಿಯರ್‌ಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 5000ದಿಂದ ಭಾಗಿಸಿ ಬಂದ ಗಾತ್ರದ ತೂಕವನ್ನೂ ತಕ್ಕಡಿಯ ತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ 30×25×20ರ ಪೆಟ್ಟಿಗೆಯಲ್ಲಿ ಅರ್ಧ ಕಿಲೋದ ಎರಡು ಬಾಟಲಿ ಇಟ್ಟರೆ ಗಾತ್ರದ ತೂಕ 3 ಕಿಲೋ. ಆದರೆ ಬಾಟಲಿ, ಉಪ್ಪಿನಕಾಯಿ, ರಟ್ಟು ಎಲ್ಲ ಸೇರಿದರೂ ನಿಜವಾದ ತೂಕ 2 ಕಿಲೋದೊಳಗೇ ಇರುತ್ತದೆ. ಸುಮಾರು 8 ಸೆಂ.ಮೀ. ಅಗಲ, 13 ಸೆಂ.ಮೀ. ಎತ್ತರದ ಬಾಟಲಿಗಳ ಸುತ್ತ ಎಲ್ಲ ಕಡೆ ಎರಡೂವರೆ ಸೆಂ.ಮೀ. ಜಾಗ ಬಿಟ್ಟು ಮಾಡಿಸಿದ ಪೆಟ್ಟಿಗೆಯ ಹೊರ ಅಳತೆ 23×14×19 ಆಗುತ್ತದೆ, ಗಾತ್ರದ ತೂಕ 1.2 ಕಿಲೋಗೆ ಇಳಿಯುತ್ತದೆ. ಆಗ ನೀವು ಕಟ್ಟುವುದು 2 ಕಿಲೋ ದರವನ್ನು ಮಾತ್ರ. ಪೆಟ್ಟಿಗೆಯ ಮೇಲೆ ಹೆಸರು ಮುದ್ರಿಸಲು ಹೋಗಬೇಡಿ. ರಬ್ಬರ್ ಸ್ಟಾಂಪು ಸಾಕು. ಸಣ್ಣ ಪ್ರಮಾಣದಲ್ಲಿ ಮುದ್ರಣದ ಖರ್ಚೇ ಭಾರವಾಗುತ್ತದೆ.

ಇನ್ನು ಒಡೆಯುವ ವಿಷಯ. ಬಾಟಲಿಯು ಪೆಟ್ಟಿಗೆಯೊಳಗೆ ಅಲುಗಾಡಿ ಇನ್ನೊಂದು ಬಾಟಲಿಗೋ ಗೋಡೆಗೋ ಬಡಿದಾಗ, ಇಲ್ಲವೇ ತಳ ನೆಲಕ್ಕೆ ತಾಗಿದಾಗ ಒಡೆಯುತ್ತದೆ. ಆದ್ದರಿಂದ ಎರಡರ ನಡುವೆ ಬಾಟಲಿಯ ಎತ್ತರಕ್ಕೂ ಇರುವ ರಟ್ಟಿನ ತಡೆ ಕಡ್ಡಾಯ. ಪ್ರತಿ ಬಾಟಲಿಗೆ ಎರಡು ಪದರದ ಅಲೆರಟ್ಟಿನ ರೋಲಿನಿಂದ ಎರಡು ಸುತ್ತು ಹಾಕಿ. ಅದು ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಒಂದೇ ದಿಕ್ಕಿಗೆ ಬಾಗುತ್ತದೆ, ಹಾಗಾಗಿ ಅಲೆಗಳು ಬಾಟಲಿಯ ಉದ್ದಕ್ಕೆ ನಿಲ್ಲುವಂತೆ ಸುತ್ತಬೇಕು. ತಳಕ್ಕೂ ಮೇಲಕ್ಕೂ ಹಳೆಯ ಕಾರ್ಟನ್ ಕತ್ತರಿಸಿ ಮಡಿಸಿದ ದಿಂಬು ಇಡಿ. ಉಳಿದ ಸಂದಿಗೆ ಕಂದು ಕಾಗದವನ್ನು ಮುದುಡಿ ತುರುಕಿ. ಒಣಹುಲ್ಲು, ಅಡಿಕೆ ಹಾಳೆ ನಮ್ಮಲ್ಲಿ ಪುಕ್ಕಟೆ ಸಿಗುತ್ತವೆಂದು ಆಸೆ ಹುಟ್ಟುವುದು ಸಹಜ. ಆದರೆ ಹುಲ್ಲು ಹುಳುವನ್ನು ತರುತ್ತದೆ, ಹಾಳೆಗೆ ಬೂಷ್ಟು ಹಿಡಿಯುತ್ತದೆ, ಪೆಟ್ಟನ್ನು ಹೀರುವ ಗುಣವೂ ಅದಕ್ಕಿಲ್ಲ.

ಮುಚ್ಚಿದ ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಕುಲುಕಿ. ಒಳಗೆ ಏನಾದರೂ ಅಲುಗಿದರೆ ಮತ್ತೆ ತುಂಬಿ. ಹೊಸ ವಿನ್ಯಾಸವನ್ನು ಗ್ರಾಹಕರಿಗೆ ಕಳಿಸುವ ಮೊದಲು ಬಾಟಲಿಗಳಿಗೆ ಉಪ್ಪುನೀರು ತುಂಬಿ, ಸುಮಾರು 75 ಸೆಂ.ಮೀ. ಎತ್ತರದಿಂದ ಸಿಮೆಂಟ್ ನೆಲಕ್ಕೆ ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆರೂ ಮುಖಗಳ ಮೇಲೆ ಒಟ್ಟು ಹತ್ತು ಬಾರಿ ಬೀಳಿಸಿ ನೋಡಿ. ಸಣ್ಣ ಪೊಟ್ಟಣಗಳಿಗೆ ಪ್ಯಾಕೇಜಿಂಗ್ ಪ್ರಯೋಗಾಲಯಗಳಲ್ಲಿ ಮಾಡುವ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ ಆಗಿದೆ.

ಪೆಟ್ಟಿಗೆಯೊಳಗೆ ಒಂದು ಕಡೆ ಮಾತ್ರ ಪ್ಲಾಸ್ಟಿಕ್ ಉಳಿಸಿಕೊಳ್ಳಿ ಎನ್ನುತ್ತೇನೆ. ಉಪ್ಪಿನಕಾಯಿಯ ರಸ ಸೋರಿದರೆ ರಟ್ಟು ಮೆತ್ತಗಾಗಿ ಇಡೀ ಪೆಟ್ಟಿಗೆಯೇ ಕುಸಿಯುತ್ತದೆ, ಆಗ ಅದರ ಜೊತೆಗಿದ್ದ ಇತರರ ಪಾರ್ಸಲ್‌ಗಳೂ ಹಾಳಾಗುತ್ತವೆ. ಮುಚ್ಚಳದ ಒಳಬಿಲ್ಲೆ ಮತ್ತು ಪ್ರತಿ ಬಾಟಲಿಗೊಂದು ತೆಳು ಚೀಲ ಇರಲಿ. ದೂರುಗಳನ್ನು ಬರೆದಿಡುವಾಗ ಒಡೆದದ್ದನ್ನೂ ಸೋರಿದ್ದನ್ನೂ ಬೇರೆ ಬೇರೆ ಬರೆಯಿರಿ, ಏಕೆಂದರೆ ಸೋರುವುದಕ್ಕೆ ಮದ್ದು ಮುಚ್ಚಳದಲ್ಲಿದೆ, ಎಷ್ಟು ರಟ್ಟು ಸುತ್ತಿದರೂ ಅದು ನಿಲ್ಲುವುದಿಲ್ಲ. ‘ಕೊಳೆಯುವ ಚೀಲ’ ಎಂದು ಮಾರುವವುಗಳಿಗೆ ಹೆಚ್ಚು ಹಣ ಕೊಡಬೇಡಿ; ಅವುಗಳಲ್ಲಿ ಅನೇಕವು ಕೈಗಾರಿಕಾ ಗೊಬ್ಬರ ಘಟಕದ ಬಿಸಿಯಲ್ಲಿ ಮಾತ್ರ ಸರಿಯಾಗಿ ಕೊಳೆಯುತ್ತವೆ, ನಿಮ್ಮ ಗ್ರಾಹಕರ ಮನೆಯ ತಿಪ್ಪೆಯಲ್ಲಿ ಅಲ್ಲ.

ನಮ್ಮ ಕಡೆ ನಿಜವಾದ ಶತ್ರು ಮಳೆಗಾಲದ ಥಂಡಿ. ರಟ್ಟು ಗಾಳಿಯ ತೇವವನ್ನು ಹೀರಿಕೊಂಡಷ್ಟೂ ಅದರ ಮೇಲೆ ಹೇರಬಹುದಾದ ಭಾರ ಕಡಿಮೆಯಾಗುತ್ತದೆ. ಪೆಟ್ಟಿಗೆಯ ಅಂಚನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಸುಕಿದಾಗ ಗರಿಗರಿ ಸದ್ದಿಲ್ಲದೆ ತಗ್ಗಾದರೆ ಆ ಪೆಟ್ಟಿಗೆಯನ್ನು ಬಾಟಲಿಗೆ ಬಳಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ಕಟ್ಟುಗಳಲ್ಲಿ ಖರೀದಿಸಿ, ನೆಲಕ್ಕೆ ತಾಗದಂತೆ ಅಟ್ಟದಲ್ಲಿ ಹಲಗೆಯ ಮೇಲೆ ಇಡಿ. ಆ ತಿಂಗಳುಗಳಲ್ಲಿ ಮೂರು ಪದರದ ಬದಲು ಐದು ಪದರದ ರಟ್ಟು ಬಳಸಿದರೆ ಆಗುವ ಖರ್ಚು, ಒಡೆದ ಒಂದು ಬಾಟಲಿಯ ಬದಲಿಗೆ ಇನ್ನೊಂದನ್ನು ಕಳಿಸುವ ಖರ್ಚಿಗಿಂತ ಕಡಿಮೆ. ನೀರು ಹಚ್ಚಿ ಅಂಟಿಸುವ ಕಾಗದದ ಟೇಪು ಒಣ ರಟ್ಟಿನ ನಾರನ್ನೇ ಹಿಡಿದು ಕೂರುತ್ತದೆ, ಬೇಸಿಗೆಯಲ್ಲಿ ಅದಕ್ಕಿಂತ ಒಳ್ಳೆಯದು ಬೇಡ. ತೇವಗೊಂಡ ರಟ್ಟಿನ ಮೇಲೆ ಅದು ಎದ್ದು ಬರುವುದರಿಂದ, ಜುಲೈ, ಆಗಸ್ಟ್ ತಿಂಗಳಲ್ಲಿ ತಳದ ಜೋಡಣೆಗೆ ಮಾತ್ರ ಸಾಮಾನ್ಯ ಪ್ಲಾಸ್ಟಿಕ್ ಟೇಪನ್ನು ನಾನು ಬಳಸುತ್ತೇನೆ.