ಬಿಲ್ಲಿನ ದಿನ ಕೇಳಿದ ನಾಲ್ಕು ನಂಬರ್

ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ನನ್ನ ಬಳಿ ಸಲಹೆ ಕೇಳಿ ಬಂದವರು ಮನೆಗಳಿಗೆ ವಾರ್ಡ್‌ರೋಬ್, ಅಡುಗೆಮನೆಯ ಕ್ಯಾಬಿನೆಟ್ ಮಾಡಿಕೊಡುವವರು. ಕೆಲಸ ಅಚ್ಚುಕಟ್ಟು, ಹೊಗಳದ ಗ್ರಾಹಕರಿಲ್ಲ. ಆದರೆ ಆ ಹೊಗಳಿಕೆಯಿಂದ ಮುಂದಿನ ಕೆಲಸ ಹುಟ್ಟುತ್ತಿರಲಿಲ್ಲ. "ನನ್ನ ಹೆಸರು ಯಾರಿಗಾದರೂ ಹೇಳಿ ಅನ್ನೋಕೆ ಬಾಯೇ ಬರಲ್ಲ ಸರ್. ಕೈಯೊಡ್ಡಿ ನಿಂತ ಹಾಗಾಗುತ್ತೆ" ಎಂದರು.

ಹಾಗೆಂದರೂ ಒಮ್ಮೆ ಕೇಳಿದ್ದರು. ಕೊನೆಯ ಕಂತು ಕೊಡುವ ದಿನ, ಗ್ರಾಹಕಿ ಹಣ ಎಣಿಸುತ್ತಿರುವಾಗ, ಒಂದೇ ಉಸಿರಿನಲ್ಲಿ: "ಮೇಡಂ, ಗೊತ್ತಿರೋರದ್ದು ಒಂದು ನಾಲ್ಕು ನಂಬರ್ ಕೊಡಿ. ಕೆಲಸ ಸಿಕ್ಕರೆ ನಿಮಗೂ ಏನಾದರೂ ಮಾಡೋಣ." ಆಕೆ ಸ್ವಲ್ಪ ತಡೆದು ಮೂರು ನಂಬರ್ ಕೊಟ್ಟರು. ಇವರು ಅವತ್ತೇ ಸಂಜೆ ಮೂವರಿಗೂ ಫೋನ್ ಮಾಡಿದರು. ಇಬ್ಬರು ಬೇಡ ಎಂದರು. ಮೂರನೆಯವರು ಆಕೆಯ ನಾದಿನಿ. ಅವರು ನೇರ ಆಕೆಗೇ ಫೋನ್ ಹಚ್ಚಿ, "ನನ್ನ ನಂಬರ್ ಮಾರಿದ್ದಕ್ಕೆ ನಿನಗೆಷ್ಟು ಸಿಕ್ತು?" ಎಂದು ಕೇಳಿದರಂತೆ. ಆಮೇಲೆ ಡ್ರಾಯರ್ ಸಿಕ್ಕಿಕೊಂಡಾಗ ಆಕೆ ಇವರನ್ನು ಕರೆಯಲಿಲ್ಲ, ಬೇರೆಯವರಿಂದ ಸರಿ ಮಾಡಿಸಿದರು. ಇವರನ್ನು ಚುಚ್ಚಿದ್ದು ಅದೇ.

"ಅವರು ನಿಮ್ಮ ಕೆಲಸ ನೋಡಿ ನಿಜಕ್ಕೂ ಖುಷಿಪಟ್ಟಿದ್ದು ಯಾವಾಗ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. ಮೂಲೆಯ ಕ್ಯಾಬಿನೆಟ್ ಕೂರಿಸಿದ ದಿನವಂತೆ. ಆಕೆ ಅದನ್ನು ಮೂರು ಸಲ ಎಳೆದು, ತಳ್ಳಿ, "ಇದನ್ನ ನಮ್ಮಕ್ಕ ನೋಡಬೇಕಿತ್ತು" ಎಂದಿದ್ದರು. ನೀವೇನು ಹೇಳಿದಿರಿ ಎಂದೆ. "ಥ್ಯಾಂಕ್ಸ್ ಮೇಡಂ ಅಂದು ಮರದ ಹೊಟ್ಟು ಗುಡಿಸ್ತಾ ಇದ್ದೆ."

ಕೇಳಬೇಕಾದ ಗಳಿಗೆ ಅದೇ ಆಗಿತ್ತು. ಗ್ರಾಹಕರೇ ಇನ್ನೊಬ್ಬರನ್ನು ಮಾತಿಗೆ ಎಳೆತಂದಾಗ ನಾವು ಹೊಸದಾಗಿ ಏನನ್ನೂ ಬೇಡಬೇಕಾಗಿಲ್ಲ, ಅವರ ಮಾತನ್ನೇ ಹಿಡಿದು ಮುಂದುವರಿದರೆ ಸಾಕು. ಬಿಲ್ಲಿನ ದಿನ ಹಾಗಲ್ಲ. ಆಗ ತಲೆಯಲ್ಲಿರುವುದು ಲೆಕ್ಕ. ಅಂಥ ಹೊತ್ತಲ್ಲಿ ಕೇಳಿದ್ದೆಲ್ಲ ಇನ್ನೊಂದು ಬಾಕಿಯ ಹಾಗೆ ಕೇಳಿಸುತ್ತದೆ.

ಮಾತನ್ನು ಅಲ್ಲೇ ಕೂತು ಅಭ್ಯಾಸ ಮಾಡಿದೆವು. "ಅಕ್ಕನ ಮನೇಲೂ ಇಂಥ ಕೆಲಸ ಇದೆಯಾ ಮೇಡಂ?" ಇದೆ ಎಂದರೆ, "ಹಾಗಿದ್ರೆ ಇದರ ಫೋಟೋ ಕಳಿಸಿ. ಬೇಕು ಅನ್ನಿಸಿದರೆ ಅವರೇ ಫೋನ್ ಮಾಡಲಿ. ಇಲ್ದಿದ್ರೂ ಪರವಾಗಿಲ್ಲ." ಮೊದಲ ಸಲ ಕೊನೆಗೊಂದು "ಪ್ಲೀಸ್" ಸೇರಿಸಿದರು, ಮುಖ ಸಣ್ಣದಾಯಿತು. ಆ ಪದ ತೆಗೆಸಿದೆ. ಇಲ್ಲಿ ನಂಬರ್ ಇಸಿದುಕೊಳ್ಳುವ ಮಾತೇ ಇಲ್ಲ ಎನ್ನುವುದನ್ನು ಗಮನಿಸಿ. ಅಕ್ಕನಿಗೆ ಗೊತ್ತಿಲ್ಲದ ಫೋನ್ ಬರುವುದಿಲ್ಲ, ತಂಗಿ ಯಾರ ಮುಂದೆಯೂ ಉತ್ತರ ಕೊಡಬೇಕಾಗಿಲ್ಲ. ಹೆಸರು ಹೇಳುವವರ ದೊಡ್ಡ ಅಂಜಿಕೆ ಅದೇ ಅಲ್ವಾ, ನಾಳೆ ಕೆಲಸ ಕೆಟ್ಟರೆ ಮಾತು ನನ್ನ ತಲೆಗೆ ಬರುತ್ತೆ ಅಂತ?

ಗ್ರಾಹಕರು ಯಾರ ಹೆಸರನ್ನೂ ಎತ್ತದಿದ್ದರೆ? ಎರಡು ಮೂರು ವಾರ ಬಿಟ್ಟು ಬಾಗಿಲುಗಳ ಹಿಂಜ್ ಬಿಗಿ ಮಾಡಲು ಹೇಗೂ ಹೋಗುತ್ತಾರೆ, ಅದು ಎರಡನೆಯ ಅವಕಾಶ. ಆಗ ಮೊದಲು ಕೇಳಬೇಕಾದ್ದು "ಏನಾದರೂ ತೊಂದರೆ ಇದೆಯಾ?" ಎಂದು. ತೊಂದರೆ ಇದ್ದು ಅವತ್ತೇ ಸರಿಯಾಗದಿದ್ದರೆ ಅವತ್ತು ಬೇರೆ ಮಾತು ಬೇಡ. ಎಲ್ಲ ಸರಿಯಿದ್ದರೆ, "ಯಾರಾದರೂ" ಎನ್ನದೆ, "ಹೊಸ ಮನೆಗೆ ಹೋಗ್ತಿರೋರು ನಿಮ್ಮ ಬಳಗದಲ್ಲಿ ಇದ್ದಾರಾ?" ಎನ್ನಬಹುದು. ಯಾರಾದರೂ ಎಂದಾಗ ಯಾರ ಮುಖವೂ ನೆನಪಾಗುವುದಿಲ್ಲ. "ನೋಡೋಣ" ಎಂದು ಮಾತು ಬದಲಿಸಿದರೆ ಅದನ್ನು ಬೇಡ ಎಂದೇ ತಿಳಿದು ಬಿಟ್ಟುಬಿಡಬೇಕು. ಕೆಲಸ ಮೆಚ್ಚಿದರೂ ಬಳಗದಲ್ಲಿ ವ್ಯವಹಾರ ಬೆರೆಸದವರು ಇರುತ್ತಾರೆ.

ಕಮಿಷನ್ ಬಗ್ಗೆ ನಮಗಿಬ್ಬರಿಗೂ ಸ್ವಲ್ಪ ಜಗ್ಗಾಟವಾಯಿತು. ಕೊಟ್ಟರೆ ಹುರುಪು ಬರುತ್ತೆ ಎಂಬುದು ಅವರ ವಾದ. ಆದರೆ ನಾದಿನಿ ಕೇಳಿದ್ದು ಅದನ್ನೇ. ಸುಮ್ನೆ ಒಳ್ಳೆಯ ಮಾತು ಹೇಳಿದವರೂ ದುಡ್ಡಿಗಾಗಿ ಹೇಳಿದಂತೆ ಕಾಣುತ್ತಾರೆ. ಏನಾದರೂ ಕೊಡಲೇಬೇಕಿದ್ದರೆ ಹೊಸಬರಿಗೆ ರಿಯಾಯಿತಿ ಕೊಡಿ, ಅದನ್ನು ಇಬ್ಬರಿಗೂ ಬಾಯಿಬಿಟ್ಟು ಹೇಳಿ ಎಂದೆ. ಹೆಸರು ಹೇಳಿದವರಿಗೆ, ಕೆಲಸ ಸಿಗಲಿ ಬಿಡಲಿ, "ನಿಮ್ಮವರು ಫೋನ್ ಮಾಡಿದ್ದರು, ಹೀಗಾಯಿತು" ಎಂದು ತಿಳಿಸಬೇಕು.

ಎರಡು ತಿಂಗಳ ನಂತರ ಮತ್ತೆ ಬಂದರು. ಐವರನ್ನು ಕೇಳಿದ್ದರು. ಮೂವರು ನಕ್ಕು ಸುಮ್ಮನಾದರು. ಇಬ್ಬರ ಕಡೆಯವರು ತಾವೇ ಫೋನ್ ಮಾಡಿದ್ದರು, ಒಂದು ಕೆಲಸ ಕುದುರಿತ್ತು. ಹಳೆಯ ಗ್ರಾಹಕಿಗೂ, ನಾನು ಹೇಳಿದಂತೆ, ಕೆಲಸದ ಮಾತೆತ್ತದೆ ಫೋನ್ ಮಾಡಿ ತಪ್ಪೊಪ್ಪಿಕೊಂಡರಂತೆ. "ಡ್ರಾಯರ್ ಆಗಲೇ ಸರಿಯಾಯ್ತು" ಎಂದರಂತೆ ಆಕೆ. ಸ್ವಲ್ಪ ಹೊತ್ತು ಬಿಟ್ಟು, "ಮೇಲಿನ ಬಾಗಿಲೊಂದು ಸದ್ದು ಮಾಡ್ತಿದೆ, ಬಿಡುವಾದಾಗ ಬನ್ನಿ" ಎಂದೂ ಹೇಳಿದ್ದರು.