ಬೆನ್ನಿನ ನೀರಿನಲ್ಲಿ ಶುಗರ್ ‘ನಾರ್ಮಲ್’ ಇದೆ, ಆದರೂ ಟಿಬಿ ಔಷಧ ಯಾಕೆ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಹನ್ನೆರಡು ದಿನದಿಂದ ಜ್ವರ, ತಲೆನೋವು. ಐದು ದಿನ ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಂಡರು, ಕಡಿಮೆ ಆಗಲಿಲ್ಲ. ಈಗ ಮಂಪರು ಜಾಸ್ತಿ ಆಗಿ ಅಡ್ಮಿಟ್ ಮಾಡಿದ್ದೇವೆ. ಮೆದುಳಿನ ಸುತ್ತಲ ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ಇರಬಹುದು ಅಂತ ಬೆನ್ನಿನಿಂದ ನೀರು ತೆಗೆದರು. ಬಿಳಿ ಕಣ 180, ಅದರಲ್ಲಿ ಲಿಂಫೋಸೈಟ್ 85%, ಕೆಂಪು ಕಣ 400, ಪ್ರೊಟೀನ್ 156, ಶುಗರ್ 58. ರೋಗಾಣು ಕಂಡಿಲ್ಲ ಅಂತ ಬರೆದಿದೆ. ಶುಗರ್ ಪಕ್ಕದಲ್ಲಿ ನಾರ್ಮಲ್ 45–80 ಅಂತ ಇದೆ. ಅದೇ ದಿನ ರಕ್ತದ ಶುಗರ್ 212 ಇತ್ತು. ಟಿಬಿ ಮಾತ್ರೆ, ಸ್ಟೀರಾಯ್ಡ್, ಆಂಟಿಬಯಾಟಿಕ್ ಎಲ್ಲಾ ಒಟ್ಟಿಗೆ ಶುರು ಮಾಡಿದ್ದಾರೆ. ರೋಗಾಣುವೇ ಸಿಕ್ಕಿಲ್ಲ, ಶುಗರ್ ಕೂಡ ನಾರ್ಮಲ್. ಮತ್ತೆ ಇಷ್ಟೊಂದು ಔಷಧ ಯಾಕೆ?

ಉತ್ತರ: ನಿಮ್ಮನ್ನು ದಾರಿ ತಪ್ಪಿಸಿರುವುದು ಆ 58. ಇಡೀ ರಿಪೋರ್ಟಿನಲ್ಲಿ ನನಗೆ ಹೆಚ್ಚು ಆತಂಕ ತರುವ ಅಂಕಿ ಅದೇ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ಈ ನೀರಿಗೆ ಸಕ್ಕರೆ ಬರುವುದು ರಕ್ತದಿಂದ. ಆರೋಗ್ಯವಂತರಲ್ಲಿ ರಕ್ತದ ಶುಗರ್ ಎಷ್ಟಿದೆಯೋ ಅದರ ಸುಮಾರು 60% ನೀರಿನಲ್ಲಿ ಇರುತ್ತದೆ. 45–80 ಅನ್ನುವುದು ರಕ್ತದ ಶುಗರ್ ಸಾಮಾನ್ಯವಾಗಿ ಇರುವವರ ಲೆಕ್ಕ. ನಿಮ್ಮ ತಂದೆಯವರ ರಕ್ತದಲ್ಲಿ 212 ಇತ್ತು. ಅದರ 60% ಅಂದರೆ 127. ಸಿಕ್ಕಿದ್ದು 58, ಅಂದರೆ 27% ಮಾತ್ರ. 40%ಗಿಂತ ಕೆಳಗೆ ಇಳಿದರೆ ನಾವು ಅದನ್ನು ಕಡಿಮೆ ಅಂತಲೇ ಓದುತ್ತೇವೆ. ಲ್ಯಾಬಿನ ಮೆಷಿನ್‌ಗೆ ರಕ್ತದ ಶುಗರ್ ಗೊತ್ತಿರುವುದಿಲ್ಲ, ಅದು 58ರ ಪಕ್ಕದಲ್ಲಿ ಯಾವ ಗುರುತೂ ಹಾಕದೆ ಬಿಟ್ಟುಬಿಡುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ಗಮನಿಸದೆ ಹೋಗುವುದು ತುಂಬಾ ಸುಲಭ.

ಇಲ್ಲಿ ಒಂದು ವಿಷಯ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ: ರಕ್ತದ ಶುಗರ್ ನೋಡಿದ್ದು ಯಾವಾಗ? ರಕ್ತದಲ್ಲಿ ಸಕ್ಕರೆ ಏರಿದರೆ ಬೆನ್ನಿನ ನೀರಿನಲ್ಲಿ ಅದು ಏರಲು ಕೆಲವು ಗಂಟೆ ಬೇಕು. ಗ್ಲೂಕೋಸ್ ಡ್ರಿಪ್ ಹಾಕಿದ ಮೇಲೋ, ಸ್ಟೀರಾಯ್ಡ್ ಕೊಟ್ಟ ಮೇಲೋ 212 ಬಂದಿದ್ದರೆ ಈ 27% ಅನ್ನುವ ಲೆಕ್ಕ ಸ್ವಲ್ಪ ಸುಳ್ಳು ಹೇಳುತ್ತದೆ. ರಕ್ತದ ಶುಗರ್ ತುಂಬಾ ಜಾಸ್ತಿ ಇದ್ದಾಗಲೂ ಈ ಅನುಪಾತ ತಾನಾಗಿಯೇ ಒಂದಿಷ್ಟು ಇಳಿಯುತ್ತದೆ. ಬೆನ್ನಿನಿಂದ ನೀರು ತೆಗೆಯುವ ಸ್ವಲ್ಪ ಮುಂಚೆ ರಕ್ತ ತೆಗೆದಿದ್ದರೆ ಲೆಕ್ಕವನ್ನು ನಂಬಬಹುದು.

ಈಗ ಕಣಗಳ ವಿಷಯ. ದೊಡ್ಡವರಲ್ಲಿ ಬಿಳಿ ಕಣ 5ರ ಒಳಗಿರಬೇಕು, ಇಲ್ಲಿ 180 ಇದೆ. ಸೂಜಿ ಚುಚ್ಚುವಾಗ ರಕ್ತ ಸೇರಿ ಹೀಗಾಯಿತಾ ಅಂತ ಅನುಮಾನ ಬರಬಹುದು, ಕೆಂಪು ಕಣ 400 ಇದೆಯಲ್ವಾ. ಅದಕ್ಕೂ ಒಂದು ಲೆಕ್ಕವಿದೆ. ಹಾಗೆ ಸೇರಿದ ರಕ್ತದಲ್ಲಿ 500ರಿಂದ 1000 ಕೆಂಪು ಕಣಕ್ಕೆ ಒಂದು ಬಿಳಿ ಕಣ ಬರುತ್ತದೆ. 400 ಕೆಂಪು ಕಣದ ಜೊತೆ ಒಂದು ಬಿಳಿ ಕಣವೂ ಪೂರ್ತಿ ಬರುವುದಿಲ್ಲ. ಹಾಗಾಗಿ ಈ 180 ನಿಜವಾದ ಉರಿಯೂತದ್ದೇ.

ಯಾವ ಬಗೆಯ ಕಣ ಅನ್ನುವುದು ಇನ್ನೂ ಮುಖ್ಯ. ಸಾಮಾನ್ಯ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ನಲ್ಲಿ ಕಣಗಳು ಸಾವಿರ ದಾಟುವುದು ಜಾಸ್ತಿ, ಅವುಗಳಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್ ಅನ್ನುವ ಬಗೆಯ ಬಿಳಿ ಕಣ. ಅಲ್ಲಿ ರೋಗಿ ಒಂದೆರಡು ದಿನದಲ್ಲೇ ಮಲಗಿಬಿಡುತ್ತಾರೆ. ವೈರಸ್‌ನಿಂದ ಬಂದರೆ ಲಿಂಫೋಸೈಟ್ ಜಾಸ್ತಿ, ಪ್ರೊಟೀನ್ ಸ್ವಲ್ಪ ಮಾತ್ರ ಏರಿರುತ್ತದೆ, ಶುಗರ್ ಸಾಮಾನ್ಯವಾಗಿ ಇಳಿಯುವುದಿಲ್ಲ. ನಿಮ್ಮ ತಂದೆಯವರಲ್ಲಿ ಲಿಂಫೋಸೈಟ್ ಜಾಸ್ತಿ, ಪ್ರೊಟೀನ್ 45ರ ಒಳಗಿರಬೇಕಾದ್ದು 156, ಶುಗರ್ ಲೆಕ್ಕಕ್ಕೆ ಕಡಿಮೆ, ಜ್ವರ ಬಂದು ಹನ್ನೆರಡು ದಿನ. ಈ ನಾಲ್ಕೂ ಒಟ್ಟಿಗೆ ಕಂಡರೆ ಮೊದಲು ಮನಸ್ಸಿಗೆ ಬರುವುದು ಟಿಬಿಯೇ. ಬೇರೆ ಬೇರೆಯಾಗಿ ನೋಡಿದರೆ ಯಾವ ಒಂದು ಅಂಕಿಯೂ ಟಿಬಿ ಅಂತ ಹೇಳುವುದಿಲ್ಲ.

ಆದರೆ ಇದೇ ಚಿತ್ರ ಇನ್ನೊಂದು ದಾರಿಯಲ್ಲೂ ಬರಬಹುದು. ಮೊದಲೇ ತೆಗೆದುಕೊಂಡ ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಅರ್ಧ ಕೊಂದು, ನ್ಯೂಟ್ರೋಫಿಲ್ ಇಳಿಸಿ, ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದ ಹಾಗೆ ಮಾಡಿರಬಹುದು. ಆಸ್ಪತ್ರೆಯಲ್ಲಿ ಕೊಡುವ ಜೋರಾದ ಇಂಜೆಕ್ಷನ್ ಆದ ಮೇಲಂತೂ ಕೆಲವು ರೋಗಾಣುಗಳು ಕೆಲವೇ ಗಂಟೆಗಳಲ್ಲಿ ಕಲ್ಚರ್‌ಗೆ ಸಿಗುವುದು ನಿಂತುಹೋಗುತ್ತದೆ. ಅದಕ್ಕೇ ಟಿಬಿ ಮಾತ್ರೆಯ ಜೊತೆ ಆಂಟಿಬಯಾಟಿಕ್ ಕೂಡ ಸದ್ಯಕ್ಕೆ ಮುಂದುವರಿಸಿದ್ದಾರೆ. ಆ ಐದು ದಿನದ ಮಾತ್ರೆಯ ಹೆಸರು, ಎಷ್ಟು ಸಲ ತೆಗೆದುಕೊಂಡರು, ಕೊನೆಯ ಮಾತ್ರೆ ಯಾವತ್ತು ಅನ್ನುವುದನ್ನು ಚೀಟಿ ಸಮೇತ ವಾರ್ಡಿನ ಡಾಕ್ಟರಿಗೆ ಕೊಡಿ. ರಿಪೋರ್ಟ್ ಓದಲು ಅದು ನಿಜಕ್ಕೂ ಬೇಕು.

ರೋಗಾಣು ಕಂಡಿಲ್ಲ ಅನ್ನುವುದರಿಂದ ಸಮಾಧಾನ ಪಡಬೇಡಿ. ರಿಪೋರ್ಟಿನಲ್ಲಿ ಹೇಳಿರುವುದು ರೋಗಾಣುವಿಗೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೇನ್ ಪರೀಕ್ಷೆಯದ್ದಾಗಿದ್ದರೆ, ಅದರಲ್ಲಿ ಟಿಬಿ ರೋಗಾಣು ಸರಿಯಾಗಿ ಬಣ್ಣ ಹಿಡಿಯುವುದೇ ಇಲ್ಲ. ಟಿಬಿಗೆ ಬೇರೆ ಬಣ್ಣದ ಪರೀಕ್ಷೆ ಇದೆ, ಆದರೆ ಬೆನ್ನಿನ ನೀರಿನಲ್ಲಿ ರೋಗಾಣುಗಳ ಸಂಖ್ಯೆ ಎಷ್ಟು ಕಡಿಮೆ ಅಂದರೆ ಅದರಲ್ಲೂ ಬಹಳ ಸಲ ಸಿಗುವುದಿಲ್ಲ. ಸಿಬಿ-ನ್ಯಾಟ್ ಅನ್ನುವ ಜೀನ್ ಪರೀಕ್ಷೆ ಒಂದೇ ದಿನದಲ್ಲಿ ಬರಬಹುದು. ಅದು ಪಾಸಿಟಿವ್ ಬಂದರೆ ಟಿಬಿ ಅಂತ ನಂಬಬಹುದು. ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಹೇಳಲು ಆಗುವುದಿಲ್ಲ. ಪರೀಕ್ಷೆಗೆ ಎಷ್ಟು ನೀರು ಕಳಿಸಿದ್ದಾರೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಒಂದು ಮಿಲಿಲೀಟರ್‌ಗಿಂತ ಐದಾರು ಮಿಲಿಲೀಟರ್ ಕಳಿಸಿದರೆ ಸಿಗುವ ಸಾಧ್ಯತೆ ಜಾಸ್ತಿ. ಕಲ್ಚರ್‌ಗೆ ವಾರಗಟ್ಟಲೆ ಬೇಕು. ಮಂಪರು ಶುರುವಾಗಿರುವ ರೋಗಿಗೆ ಅಷ್ಟು ದಿನ ಕಾಯಲು ಆಗುವುದಿಲ್ಲ. ಟಿಬಿ ಮೆನಿಂಜೈಟಿಸ್‌ನಲ್ಲಿ ಪ್ರಜ್ಞೆ ಪೂರ್ತಿ ತಪ್ಪುವ ಮುಂಚೆ ಔಷಧ ಶುರುವಾದವರು ಚೇತರಿಸಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚು. ನಿಮ್ಮ ಡಾಕ್ಟರ್ ಕಾಯದೇ ಇದ್ದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಸ್ಟೀರಾಯ್ಡ್ ಕೊಡುವುದು ಉರಿಯೂತ ಇಳಿಸಲು. ಟಿಬಿ ಮೆನಿಂಜೈಟಿಸ್‌ನಲ್ಲಿ ಅದು ಸಾವಿನ ಅಪಾಯವನ್ನು ಕಡಿಮೆ ಮಾಡುತ್ತದೆ. ಆದರೆ ರಕ್ತದ ಶುಗರ್ ಏರಿಸುತ್ತದೆ, ಅದಕ್ಕೆ ಇನ್ಸುಲಿನ್ ಬೇಕಾಗಬಹುದು.

ಇನ್ನೆರಡು ಪರೀಕ್ಷೆ ಆಗಿದೆಯಾ ಅಂತ ವಿಚಾರಿಸಿ: ಎಚ್‌ಐವಿ ಮತ್ತು ಕ್ರಿಪ್ಟೋಕಾಕಸ್ ಆ್ಯಂಟಿಜೆನ್. ಈ ಶಿಲೀಂಧ್ರದ ಸೋಂಕಿನಲ್ಲೂ ರಿಪೋರ್ಟ್ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಔಷಧ ಮಾತ್ರ ಪೂರ್ತಿ ಬೇರೆ. ಹರ್ಪಿಸ್ ವೈರಸ್‌ನ ಅನುಮಾನ ಇದ್ದರೆ ಅದಕ್ಕೂ ಪಿಸಿಆರ್ ಮಾಡಿಸುತ್ತಾರೆ.

ಮುಂದಿನ ದಿನಗಳಲ್ಲಿ ಪಕ್ಕದಲ್ಲಿ ಕೂತವರು ರಿಪೋರ್ಟಿಗಿಂತ ತಂದೆಯವರನ್ನೇ ಗಮನಿಸಿ. ಮಂಪರು ಹೆಚ್ಚಾಗುವುದು, ಪದೇ ಪದೇ ವಾಂತಿ, ಒಂದು ಎರಡಾಗಿ ಕಾಣುವುದು, ಕಣ್ಣು ವಾಲುವುದು, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, ಕೂಡಲೇ ಸಿಸ್ಟರ್‌ಗೆ ಹೇಳಿ. ತಲೆಯೊಳಗೆ ನೀರು ಕಟ್ಟಿಕೊಂಡಿರಬಹುದು, ರಕ್ತನಾಳ ಕಟ್ಟಿರಬಹುದು ಅಥವಾ ಸೋಡಿಯಂ ಇಳಿದಿರಬಹುದು. ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ.

ಕೆಲವು ದಿನ ಬಿಟ್ಟು ಮತ್ತೆ ಬೆನ್ನಿನ ನೀರು ತೆಗೆಯೋಣ ಅಂದರೆ ಹೆದರಿ ಬೇಡ ಅನ್ನಬೇಡಿ. ಅನುಮಾನ ಬಗೆಹರಿಯದಿದ್ದಾಗ ಎರಡನೇ ಸಲದ ನೀರು ಬಹಳ ಹೇಳುತ್ತದೆ. ಆ ದಿನವೂ ರಕ್ತದ ಶುಗರ್ ಮೊದಲು ನೋಡಿಸಿ, ಹೋಲಿಸಿ. ಅರ್ಧ ವಾಸಿಯಾದ ಬ್ಯಾಕ್ಟೀರಿಯಾ ಸೋಂಕಾಗಿದ್ದರೆ ಇಷ್ಟರಲ್ಲೇ ಶುಗರ್ ಮೇಲೇರುತ್ತಾ, ಕಣಗಳು ಇಳಿಯುತ್ತಾ ಬಂದಿರುತ್ತವೆ. ಟಿಬಿಯಲ್ಲಿ ಈ ಬದಲಾವಣೆ ನಿಧಾನ. ಪ್ರೊಟೀನ್ ಅಂತೂ ವಾರಗಟ್ಟಲೆ ಜಾಸ್ತಿಯೇ ಇರಬಹುದು, ಅದನ್ನು ನೋಡಿ ಔಷಧ ಹಿಡಿಯುತ್ತಿಲ್ಲ ಅಂದುಕೊಳ್ಳಬೇಡಿ.